ಹಸುಗೂಸಿನ ಜ್ವರ: ಮೊದಲು ಪರೀಕ್ಷೆ, ಆಮೇಲೆ ಔಷಧಿ

ನಾಲ್ಕೈದು ವರ್ಷದ ಮಗುವಿಗೆ ಮೈ ಬಿಸಿಯಾದರೆ ಪ್ಯಾರಾಸಿಟಮಾಲ್ ಕುಡಿಸಿ, ಒಂದು ದಿನ ನೋಡೋಣ ಎನ್ನುವುದು ಮನೆಮನೆಯ ರೂಢಿ. ಮಗು ಆಡಿಕೊಂಡಿದ್ದರೆ ವೈದ್ಯರೂ ಅದನ್ನು ತಪ್ಪೆನ್ನುವುದಿಲ್ಲ. ಆದರೆ ಮೂರು ತಿಂಗಳು ತುಂಬದ ಕೂಸಿಗೆ ಈ ಲೆಕ್ಕ ಹೊಂದುವುದಿಲ್ಲ. ಅಲ್ಲಿ ಜ್ವರದ ಔಷಧಿಗಿಂತ ಮೊದಲು ವೈದ್ಯರ ಪರೀಕ್ಷೆ ಆಗಬೇಕು.

ಕಾರಣ ಇಷ್ಟೇ: ಈ ವಯಸ್ಸಿನಲ್ಲಿ ಒಳಗಿನ ಸೋಂಕಿಗೆ ಜ್ವರ ಬಿಟ್ಟು ಬೇರೆ ಗುರುತೇ ಇರದಿರಬಹುದು. ದೊಡ್ಡ ಮಗು ಕಿವಿ ಮುಟ್ಟಿ ತೋರಿಸುತ್ತದೆ, ಉರಿಮೂತ್ರ ಎಂದು ಅಳುತ್ತದೆ. ಮಿದುಳು ಪೊರೆಯ ಉರಿಯೂತವಾದರೆ ಅದರ ಕತ್ತು ಸೆಟೆದುಕೊಳ್ಳುತ್ತದೆ. ಒಂದೂವರೆ ತಿಂಗಳ ಕೂಸಿನಲ್ಲಿ ಕತ್ತು ಮೆತ್ತಗೇ ಇರಬಹುದು. ಕಾಣುವುದು ಹಾಲು ಸ್ವಲ್ಪ ಕಡಿಮೆ ಕುಡಿದದ್ದು, ತುಸು ಹೆಚ್ಚು ಮಲಗಿದ್ದು ಮಾತ್ರ. ತಾಯಿಯಿಂದ ಬಂದ ರೋಗನಿರೋಧಕ ಕಣಗಳು ಎಲ್ಲ ರೋಗಾಣುಗಳನ್ನೂ ತಡೆಯಲಾರವು. ಕೂಸಿನ ಸ್ವಂತ ಬಿಳಿ ರಕ್ತಕಣಗಳಿಗೆ ಸೋಂಕನ್ನು ಒಂದೇ ಕಡೆ ಕಟ್ಟಿಹಾಕುವ ಶಕ್ತಿ ಇನ್ನೂ ಬಂದಿರುವುದಿಲ್ಲ. ಹಾಗಾಗಿ ಮೂತ್ರದಲ್ಲಿದ್ದ ಬ್ಯಾಕ್ಟೀರಿಯಾ ರಕ್ತಕ್ಕೆ, ರಕ್ತದಿಂದ ಮಿದುಳಿನ ಪೊರೆಗೆ ಬೇಗ ದಾಟಬಲ್ಲದು.

ಈ ವಯಸ್ಸಿನ ಹೆಚ್ಚಿನ ಜ್ವರಗಳು ವೈರಸ್‌ನಿಂದ ಬಂದು ತಾವಾಗಿಯೇ ಹೋಗುತ್ತವೆ. ಸುಮಾರು ಹತ್ತರಲ್ಲಿ ಒಂದು ಕೂಸಿಗೆ ಮಾತ್ರ ಗಂಭೀರ ಬ್ಯಾಕ್ಟೀರಿಯಾ ಸೋಂಕು ಇರುತ್ತದೆ. ಆ ಒಂದು ಯಾವುದೆಂದು ಮುಖ ನೋಡಿ ಹೇಳಲಾಗದು. ಪ್ಯಾರಾಸಿಟಮಾಲ್ ಕೊಟ್ಟು ನೋಡಿದರೂ ತಿಳಿಯದು, ಏಕೆಂದರೆ ಅದು ಎರಡೂ ಬಗೆಯ ಜ್ವರವನ್ನು ಇಳಿಸುತ್ತದೆ.

ಐದು ವಾರದ ಹೆಣ್ಣು ಕೂಸೊಂದನ್ನು ಉದಾಹರಣೆಗೆ ಇಟ್ಟುಕೊಳ್ಳಿ. ಬಾಣಂತನಕ್ಕೆ ತವರಿಗೆ ಬಂದ ತಾಯಿಗೆ ಸಂಜೆ ಕೂಸಿನ ಮೈ ಬಿಸಿ ಅನ್ನಿಸುತ್ತದೆ. ಕುಲಾವಿ, ಎರಡು ಪದರ ಬಟ್ಟೆ, ಮೇಲೊಂದು ಶಾಲು. ಕಾವು ಅದರದ್ದೂ ಇರಬಹುದು. ಹೆಚ್ಚಿನ ಹೊದಿಕೆ ತೆಗೆದು, ಕಾಲು ಗಂಟೆ ಬಿಟ್ಟು, ಒಣ ಕಂಕುಳಲ್ಲಿ ಡಿಜಿಟಲ್ ಥರ್ಮಾಮೀಟರ್ ಇಟ್ಟು ತೋಳನ್ನು ಮೈಗೊತ್ತಿ ಹಿಡಿದರೆ 100.6 ಡಿಗ್ರಿ ಫ್ಯಾರನ್‌ಹೀಟ್. ಮನೆಯಲ್ಲಿ ಅಣ್ಣನಿಗೆ ತಂದ ಔಷಧಿ ಇದೆ. ಅದನ್ನು ಕುಡಿಸಿದರೆ ಒಂದೆರಡು ಗಂಟೆಯಲ್ಲಿ ಮೈ ತಣ್ಣಗಾಗಿ, ಕೂಸು ಹಾಲು ಕುಡಿದು ಮಲಗುತ್ತದೆ, ಮನೆಯವರೂ ಮಲಗುತ್ತಾರೆ. ಮೂತ್ರಕೋಶದ ಬ್ಯಾಕ್ಟೀರಿಯಾ ಮಾತ್ರ ರಾತ್ರಿಯಿಡೀ ಬೆಳೆಯುತ್ತಿರುತ್ತದೆ.

ಔಷಧಿ ಕುಡಿಸದೆ ಅದೇ ಸಂಜೆ ಆಸ್ಪತ್ರೆಗೆ ಹೋದರೆ ವೈದ್ಯರು ಉಸಿರಾಟ, ಮೈಬಣ್ಣ, ನೆತ್ತಿ, ಹೊಕ್ಕುಳು ನೋಡುತ್ತಾರೆ. ಸಣ್ಣ ನಳಿಕೆಯಿಂದ ಶುದ್ಧವಾಗಿ ಮೂತ್ರ ತೆಗೆದು, ರಕ್ತದ ಜೊತೆ ಪರೀಕ್ಷೆಗೆ ಕಳಿಸುತ್ತಾರೆ. ಮೂತ್ರದಲ್ಲಿ ಕೀವಿನ ಕಣಗಳು ಕಂಡರೆ, ಕಲ್ಚರ್ ವರದಿಗೆ ಬೇಕಾಗುವ ಒಂದೆರಡು ದಿನ ಕಾಯದೆ ಆಂಟಿಬಯೋಟಿಕ್ ಶುರುಮಾಡುತ್ತಾರೆ. 28 ದಿನದೊಳಗಿನ ಕೂಸಾದರೆ ಸಾಮಾನ್ಯವಾಗಿ ಬೆನ್ನುಹುರಿಯ ನೀರನ್ನೂ ಪರೀಕ್ಷಿಸಿ, ದಾಖಲು ಮಾಡಿಕೊಳ್ಳುತ್ತಾರೆ. ಇಷ್ಟಾದ ಮೇಲೆ ಬೇಕಿದ್ದರೆ ಜ್ವರದ ಔಷಧಿಯನ್ನು ಅವರೇ ಕೊಡುತ್ತಾರೆ.

ಮನೆಯಲ್ಲಿ ಕುಡಿಸುವುದರಲ್ಲಿ ಇನ್ನೊಂದು ಅಪಾಯವೂ ಇದೆ. ಪ್ಯಾರಾಸಿಟಮಾಲ್ ಡ್ರಾಪ್ಸ್‌ನ 1 ಮಿ.ಲೀ.ಯಲ್ಲಿ ಸಾಮಾನ್ಯವಾಗಿ 100 ಮಿ.ಗ್ರಾಂ ಇದ್ದರೆ, ಸಿರಪ್ಪಿನಲ್ಲಿ 5 ಮಿ.ಲೀ.ಗೆ 120 ಮಿ.ಗ್ರಾಂ ಇರಬಹುದು. ಸಿರಪ್ಪಿನ ಅಳತೆಯಲ್ಲಿ ಡ್ರಾಪ್ಸ್ ಹಾಕಿದರೆ ನಾಲ್ಕು ಪಟ್ಟು ಔಷಧಿ ಒಳಗೆ ಹೋಗಿ ಯಕೃತ್ತಿಗೆ ಪೆಟ್ಟಾಗಬಹುದು. ಈ ವಯಸ್ಸಿಗೆ ಪ್ರಮಾಣ ಹೇಳಬೇಕಾದವರು ಕೂಸನ್ನು ತೂಗಿ ನೋಡಿದ ವೈದ್ಯರೇ.

ಆರನೇ ವಾರದ ಲಸಿಕೆಯ ಮರುದಿನ ಬರುವ ಜ್ವರ ಸಾಮಾನ್ಯ. ಅದಕ್ಕೆ ಲಸಿಕೆ ಹಾಕಿದವರು ಔಷಧಿ, ಪ್ರಮಾಣ ಹೇಳಿದ್ದರೆ ಹಾಗೇ ಮಾಡಿ. ಆದರೆ ಎರಡು ದಿನ ದಾಟಿದರೆ, ಕೂಸು ಹಾಲು ಬಿಟ್ಟರೆ ಅಥವಾ ಮಂಕಾದರೆ ಲಸಿಕೆಯದೇ ಎಂದುಕೊಂಡು ಕೂರಬೇಡಿ.

ಕಂಕುಳಲ್ಲಿ 99.5 ಡಿಗ್ರಿ ಇದ್ದು, ಹೊದಿಕೆ ತೆಗೆದ ಮೇಲೂ ಇಳಿಯದಿದ್ದರೆ ಅಂದೇ ವೈದ್ಯರಿಗೆ ತೋರಿಸಿ. 100.4 ಮುಟ್ಟಿದರೆ ರಾತ್ರಿಯಾದರೂ ಸರಿ, ನೇರ ಆಸ್ಪತ್ರೆಗೆ ಹೊರಡಿ. ಹಾಲು ಕುಡಿಯದಿರುವುದು, ಏದುಸಿರು, ಫಿಟ್ಸ್, ಎಬ್ಬಿಸಿದರೂ ಏಳದಿರುವುದು, ಮೈ ತೀರಾ ತಣ್ಣಗಾಗುವುದು ಕಂಡರೆ ಅಂಕಿ ನೋಡುತ್ತ ಕೂರದೆ 108ಕ್ಕೆ ಕರೆ ಮಾಡಿ. ಔಷಧಿ ಆಗಲೇ ಕುಡಿಸಿಬಿಟ್ಟಿದ್ದರೂ ಹೋಗಿ. ಯಾವ ಬಾಟಲಿ, ಎಷ್ಟು, ಎಷ್ಟು ಹೊತ್ತಿಗೆ, ಅದಕ್ಕೆ ಮುಂಚೆ ಎಷ್ಟು ಡಿಗ್ರಿ ಇತ್ತು ಎಂಬುದನ್ನು ಹೇಳಿ. ಆಸ್ಪತ್ರೆಯಲ್ಲಿ ಅಳೆದಾಗ ಜ್ವರ ಇಲ್ಲದಿದ್ದರೂ, ಮನೆಯಲ್ಲಿ ಅಳೆದ ಆ ಅಂಕಿಯ ಮೇಲೆಯೇ ವೈದ್ಯರು ಪರೀಕ್ಷೆ ಶುರುಮಾಡುತ್ತಾರೆ.