ಡಿಲೀಟ್ ಆದ ಇಮೇಲ್‌ಗೆ ಮೂವತ್ತು ದಿನ

ಜಿಮೇಲ್‌ನಲ್ಲಿ ಡಿಲೀಟ್ ಮಾಡಿದ ಮೇಲ್ ಆ ಕ್ಷಣಕ್ಕೇ ಅಳಿಸಿಹೋಗುವುದಿಲ್ಲ. ಅದು ಇನ್‌ಬಾಕ್ಸ್‌ನಿಂದ Bin ಎಂಬ ಫೋಲ್ಡರಿಗೆ ಹೋಗುತ್ತದೆ. ಕೆಲವರ ಪರದೆಯಲ್ಲಿ ಇದರ ಹೆಸರು Trash. ಅಲ್ಲಿ ಅದು 30 ದಿನ ಇರುತ್ತದೆ. ಈ ಲೆಕ್ಕ ಶುರುವಾಗುವುದು ಡಿಲೀಟ್ ಮಾಡಿದ ದಿನದಿಂದ, ಮೇಲ್ ಬಂದ ದಿನದಿಂದಲ್ಲ. ಐದು ವರ್ಷ ಹಳೆಯ ಮೇಲನ್ನು ಇಂದು ಅಳಿಸಿದರೂ ಅದಕ್ಕೆ ಪೂರ್ತಿ 30 ದಿನ ಸಿಗುತ್ತದೆ.

ಕಾಲೇಜು ಪ್ರವೇಶದ ಮೇಲೊಂದು ಜೂನ್ 5ರಂದು ಕೈತಪ್ಪಿ ಡಿಲೀಟ್ ಆಯಿತು ಎಂದುಕೊಳ್ಳೋಣ. ಜೂನ್ 20ರಂದು ಅದು ಬೇಕಾಗಿ ಹುಡುಕಿದರೆ ಸಿಗುವುದಿಲ್ಲ, ಏಕೆಂದರೆ ಜಿಮೇಲ್‌ನ ಸಾಮಾನ್ಯ ಹುಡುಕಾಟ ಬಿನ್ ಮತ್ತು ಸ್ಪ್ಯಾಮ್ ಫೋಲ್ಡರುಗಳನ್ನು ನೋಡುವುದೇ ಇಲ್ಲ. ಎಷ್ಟೋ ಜನ ಆಸೆ ಬಿಡುವುದು ಇಲ್ಲೇ. ಹುಡುಕುವ ಜಾಗದಲ್ಲಿ ಹೀಗೆ ಬರೆಯಬೇಕು:

```
in:trash admission
```

ಮೇಲ್ ಕಂಡಾಗ ಅದನ್ನು ತೆರೆದು, Move to ಒತ್ತಿ, Inbox ಆರಿಸಿದರೆ ಅದು ಇನ್‌ಬಾಕ್ಸ್‌ಗೆ ಮರಳುತ್ತದೆ. ಇಷ್ಟನ್ನು ಜುಲೈ 5ರೊಳಗೆ ಮಾಡಬೇಕು, ಕೊನೆಯ ದಿನದವರೆಗೆ ಕಾಯದಿರುವುದೇ ಕ್ಷೇಮ. ಬಿನ್‌ನಲ್ಲಿ ಇಲ್ಲದಿದ್ದರೆ `in:anywhere admission` ಎಂದು ಹುಡುಕಬೇಕು. ಫೋನಿನಲ್ಲಿ ಬೆರಳು ಪಕ್ಕಕ್ಕೆ ಸರಿದರೆ ಮೇಲ್ ಆರ್ಕೈವ್ ಆಗಿರುವುದೂ ಉಂಟು. ಆರ್ಕೈವ್ ಆದದ್ದು All Mail ಫೋಲ್ಡರಿನಲ್ಲಿ ಇದ್ದೇ ಇರುತ್ತದೆ, ಅದಕ್ಕೆ ದಿನಗಳ ಗಡುವಿಲ್ಲ.

30 ದಿನ ಕಾಯದೆಯೂ ಮೇಲ್ ಹೋಗಬಹುದು. ಬಿನ್‌ನಲ್ಲಿರುವ ಮೇಲುಗಳೂ ಖಾತೆಯ 15 ಜಿಬಿ ಉಚಿತ ಜಾಗವನ್ನೇ ತಿನ್ನುತ್ತವೆ. ಜಾಗ ತುಂಬಿದೆ ಎಂಬ ಎಚ್ಚರಿಕೆ ಬಂದಾಗ ಅನೇಕರು ಅವಸರದಲ್ಲಿ Empty Bin now ಒತ್ತುತ್ತಾರೆ. ಅಲ್ಲಿಗೆ ಎಲ್ಲವೂ ಶಾಶ್ವತವಾಗಿ ಡಿಲೀಟ್. ಒತ್ತುವ ಮುನ್ನ ಬಿನ್‌ನ ಮೇಲೆ ಒಮ್ಮೆ ಕಣ್ಣಾಡಿಸಲು ಎರಡು ನಿಮಿಷ ಸಾಕು.

ಹಾಗೆ ಹೋದ ಮೇಲನ್ನು ಸಾಮಾನ್ಯ ಬಳಕೆದಾರರು ಹಿಂದಕ್ಕೆ ತರಲಾರರು. ಆದರೆ ಅದರ ಗುರುತು ಗೂಗಲ್‌ನ ಯಂತ್ರಗಳಿಂದ ಅಂದೇ ಅಳಿಯುತ್ತದೆ ಎಂದಲ್ಲ. ಕಂಪನಿಯೇ ಹೇಳುವಂತೆ, ಪೂರ್ತಿ ಅಳಿಸಲು ಸಾಮಾನ್ಯವಾಗಿ ಸುಮಾರು ಎರಡು ತಿಂಗಳು ಹಿಡಿಯುತ್ತದೆ. ಬ್ಯಾಕಪ್ ಪ್ರತಿಗಳು ಆರು ತಿಂಗಳವರೆಗೂ ಉಳಿಯಬಹುದು. ಆ ಪ್ರತಿಗಳು ಸರ್ವರ್ ಕೆಟ್ಟರೆ ಬಳಸಲು ಇರುವಂಥವು, ಬಳಕೆದಾರರ ಕೈಗೆ ಸಿಗುವಂಥವಲ್ಲ.

ಕಚೇರಿ ಅಥವಾ ಕಾಲೇಜು ಕೊಟ್ಟ ಗೂಗಲ್ ವರ್ಕ್‌ಸ್ಪೇಸ್ ಖಾತೆಯಾದರೆ ಇನ್ನೊಂದು ದಾರಿಯಿದೆ. ಬಿನ್‌ನಿಂದ ಅಳಿದ 25 ದಿನಗಳೊಳಗೆ ಅಲ್ಲಿನ ಅಡ್ಮಿನ್ ಆ ಮೇಲನ್ನು ಮರಳಿ ತರಬಲ್ಲರು. ಅಳಿಸಿದ ದಿನಾಂಕ ತಿಳಿಸಿ ತಡಮಾಡದೆ ಕೇಳಬೇಕು. ವೈಯಕ್ತಿಕ ಖಾತೆಗೆ ಈ ಅನುಕೂಲವಿಲ್ಲ. ಆದರೆ ಮೇಲ್ ಕಳಿಸಿದವರ Sent ಫೋಲ್ಡರಿನಲ್ಲಿರುವ ಪ್ರತಿಗೆ ಇಲ್ಲಿನ ಡಿಲೀಟ್ ತಟ್ಟುವುದಿಲ್ಲ. ಇನ್ನೊಮ್ಮೆ ಕಳಿಸಿ ಎಂದು ಅವರನ್ನೇ ಕೇಳಿ.