ಭಾಗಾಕಾರ ಮೊದಲೋ, ಗುಣಾಕಾರ ಮೊದಲೋ?

ಕ್ಯಾಂಪಸ್ ಸೆಲೆಕ್ಷನ್ನಿನ ಆನ್‌ಲೈನ್ ಟೆಸ್ಟ್ ಬರೆದವರಿಗೆಲ್ಲ ಈ ಜಾತಿಯ ಪ್ರಶ್ನೆ ಪರಿಚಯವಿರುತ್ತದೆ. ಸಿ ಭಾಷೆಯ ಎರಡೋ ಮೂರೋ ಸಾಲು ಕೋಡ್, ಅದರ ಕೆಳಗೆ ನಾಲ್ಕು ಸಂಖ್ಯೆಗಳು. ಔಟ್‌ಪುಟ್ ಯಾವುದು ಎಂದಷ್ಟೇ ಕೇಳಿರುತ್ತಾರೆ. ಕೋಡನ್ನು ಓಡಿಸಿ ನೋಡುವಂತಿಲ್ಲ, ತಲೆಯಲ್ಲೇ ಓಡಿಸಬೇಕು. ನೋಡಲು ಐದನೇ ಕ್ಲಾಸಿನ ಲೆಕ್ಕದಂತೆ ಕಾಣುತ್ತದೆ. ಆದರೂ ಪ್ರೋಗ್ರಾಮಿಂಗ್ ಚೆನ್ನಾಗಿ ಬಲ್ಲವರೇ ಇದರಲ್ಲಿ ಅಂಕ ಕಳೆದುಕೊಳ್ಳುತ್ತಾರೆ. ಒಂದು ಮಾದರಿ ಇಲ್ಲಿದೆ:

```c
int a = 17, b = 5, c = 2;
printf("%d", a - b / c * 3 % 4);
```

ಎ) 3   ಬಿ) 13   ಸಿ) 15   ಡಿ) 17

ಸಿ ಭಾಷೆಯಲ್ಲಿ ಗುಣಾಕಾರ, ಭಾಗಾಕಾರ ಮತ್ತು ಶೇಷ ಕೊಡುವ `%` ಚಿಹ್ನೆ, ಈ ಮೂರಕ್ಕೂ ಒಂದೇ ಆದ್ಯತೆ. ಕೂಡುವುದು, ಕಳೆಯುವುದು ಅವುಗಳಿಗಿಂತ ಒಂದು ಮೆಟ್ಟಿಲು ಕೆಳಗೆ. ಸಮಾನ ಆದ್ಯತೆಯ ಚಿಹ್ನೆಗಳು ಸಾಲಾಗಿ ಬಂದರೆ ಎಡದಿಂದ ಬಲಕ್ಕೆ ಹೋಗಬೇಕು. ಹಾಗಾಗಿ ಮೇಲಿನ ಸಾಲಿನಲ್ಲಿ ಕಳೆಯುವ ಚಿಹ್ನೆ ಮೊದಲೇ ಕಂಡರೂ ಅದು ಕೊನೆಯವರೆಗೆ ಕಾಯುತ್ತದೆ. ಮೊದಲಿಗೆ 5ನ್ನು 2ರಿಂದ ಭಾಗಿಸಬೇಕು. ಎರಡೂ ಪೂರ್ಣಾಂಕಗಳಾದ್ದರಿಂದ ಉತ್ತರವೂ ಪೂರ್ಣಾಂಕವೇ: 2.5 ಅಲ್ಲ, 2. ಅದಕ್ಕೆ 3 ಗುಣಿಸಿದರೆ 6. ಆರನ್ನು 4ರಿಂದ ಭಾಗಿಸಿದಾಗ ಉಳಿಯುವ ಶೇಷ 2. ಕೊನೆಗೆ 17ರಲ್ಲಿ 2 ಕಳೆದರೆ 15. ಕಂಪೈಲರ್ ಆ ಸಾಲನ್ನು ಓದಿಕೊಳ್ಳುವುದು ಹೀಗೆ:

```c
a - (((b / c) * 3) % 4)
```

ಸರಿಯುತ್ತರ ಸಿಕ್ಕಿತು. ಆದರೆ ಇಂಥ ಪ್ರಶ್ನೆಯಲ್ಲಿ ನನಗೆ ಹೆಚ್ಚು ಕುತೂಹಲ ಹುಟ್ಟಿಸುವುದು ಉಳಿದ ಮೂರು ಆಯ್ಕೆಗಳು. ಚೆನ್ನಾಗಿ ಪ್ರಶ್ನೆ ತೆಗೆಯುವವರು ಅವನ್ನು ಬಾಯಿಗೆ ಬಂದಂತೆ ಹಾಕಿರುವುದಿಲ್ಲ. ಒಂದೊಂದು ತಪ್ಪು ಉತ್ತರವೂ ಒಂದೊಂದು ನಿರ್ದಿಷ್ಟ ಎಡವಟ್ಟಿನಿಂದ ಹುಟ್ಟಿದ್ದು. ಯಾರು ಯಾವುದಕ್ಕೆ ಟಿಕ್ ಹಾಕಿದರು ಎಂದು ನೋಡಿದರೆ ಅವರು ಎಲ್ಲಿ ತಪ್ಪಿದರೆಂದು ಹೇಳಿಬಿಡಬಹುದು.

13 ಬರುವುದು ಕ್ಯಾಲ್ಕುಲೇಟರ್ ಅಭ್ಯಾಸದವರಿಗೆ. ಅವರಿಗೆ 5 ಭಾಗಿಸು 2 ಎಂದರೆ 2.5. ಮೂರರಿಂದ ಗುಣಿಸಿದರೆ 7.5, ನಾಲ್ಕರಿಂದ ಭಾಗಿಸಿದರೆ ಶೇಷ 3.5, ಹದಿನೇಳರಲ್ಲಿ ಕಳೆದರೆ 13.5. ಪೂರ್ಣಾಂಕ ತಾನೇ ಅಚ್ಚಾಗಬೇಕು ಎಂದು ಕೊನೆಗೊಮ್ಮೆ ದಶಮಾಂಶ ಕತ್ತರಿಸಿ 13 ಎನ್ನುತ್ತಾರೆ. ಕತ್ತರಿಸುವ ಕೆಲಸ ಗೊತ್ತಿದೆ, ಆದರೆ ಅದು ಕೊನೆಯಲ್ಲಿ ನಡೆಯುತ್ತದೆಂದುಕೊಂಡಿದ್ದಾರೆ. ನಿಜದಲ್ಲಿ ಅದು ಪ್ರತಿ ಭಾಗಾಕಾರದ ಜಾಗದಲ್ಲೇ, ಆಗಿಂದಾಗಲೇ ನಡೆದುಹೋಗುತ್ತದೆ. ಅಂದಹಾಗೆ ಸಿ ಭಾಷೆಯಲ್ಲಿ `%` ಚಿಹ್ನೆಗೆ ದಶಮಾಂಶ ಸಂಖ್ಯೆ ಕೊಟ್ಟರೆ ಪ್ರೋಗ್ರಾಂ ಕಂಪೈಲ್ ಆಗುವುದೇ ಇಲ್ಲ. ಹಾಗಾಗಿ 7.5ರ ಶೇಷ ತೆಗೆಯುವ ಆ ಮಧ್ಯದ ಹೆಜ್ಜೆಯೇ ಅಸಾಧ್ಯ.

3 ಬರುವುದು `%` ಚಿಹ್ನೆಯನ್ನು ಎಲ್ಲಕ್ಕಿಂತ ಕೊನೆಗೆ ಇಟ್ಟವರಿಗೆ. ಶಾಲೆಯಲ್ಲಿ ಶೇಷ ಎನ್ನುವುದು ಭಾಗಾಕಾರದ ಕೊನೆಗೆ ಉಳಿಯುವ ಸಂಖ್ಯೆಯೇ ಹೊರತು ಅದಕ್ಕೆಂದೇ ಒಂದು ಚಿಹ್ನೆ ಇರಲಿಲ್ಲ, ಬೋಡ್‌ಮಾಸ್ ಸೂತ್ರದಲ್ಲಿ ಅದಕ್ಕೊಂದು ಅಕ್ಷರವೂ ಇಲ್ಲ. ಗೊತ್ತಿರುವುದನ್ನೆಲ್ಲ ಮುಗಿಸಿ, 17ರಿಂದ 6 ಕಳೆದು 11 ಮಾಡಿಕೊಂಡು, ಆಮೇಲೆ ನಾಲ್ಕರ ಶೇಷ ತೆಗೆಯುತ್ತಾರೆ.

17 ಎಂದವರು ಗುಣಾಕಾರವನ್ನು ಮೊದಲು ಮಾಡಿದ್ದಾರೆ. ಎರಡು ಮೂರಲ ಆರು, ಐದನ್ನು ಆರರಿಂದ ಭಾಗಿಸಿದರೆ ಪೂರ್ಣಾಂಕದಲ್ಲಿ ಸೊನ್ನೆ, ಸೊನ್ನೆಯ ಶೇಷ ಸೊನ್ನೆ. ಬಲದಿಂದ ಎಡಕ್ಕೆ ಹೋದವರಿಗೂ ಇದೇ ಉತ್ತರ ಬರುತ್ತದೆ.

ಇಷ್ಟು ಸಣ್ಣ ಸಾಲಿನಲ್ಲಿ ಇಷ್ಟೊಂದು ಹೊಂಡ ಹೇಗೆ? ಆದ್ಯತೆಯ ನಿಯಮ ಮತ್ತು ಪೂರ್ಣಾಂಕ ಭಾಗಾಕಾರ ಎರಡೂ ಒಂದೇ ಪ್ರಶ್ನೆಯಲ್ಲಿ ಬರುವುದಕ್ಕೆ ಕಾರಣವಿದೆ. ಶಾಲೆಯ ಗಣಿತದಲ್ಲಿ 2 × 7 ÷ 2 ಎಂದು ಕೊಟ್ಟರೆ ಮೊದಲು ಗುಣಿಸಿ: 14, ಭಾಗಿಸಿದರೆ 7. ಅಥವಾ ಬೋಡ್‌ಮಾಸ್‌ನಲ್ಲಿ ಭಾಗಾಕಾರದ ಅಕ್ಷರ ಮೊದಲು ಬರುತ್ತದೆಂದು ಮೊದಲು ಭಾಗಿಸಿ: 3.5, ಎರಡರಿಂದ ಗುಣಿಸಿದರೆ ಮತ್ತೆ 7. ಎರಡು ದಾರಿಯೂ ಒಂದೇ ಊರಿಗೆ ಹೋಗುತ್ತವೆ. ಹಾಗಾಗಿ ‘ಗುಣಾಕಾರಕ್ಕಿಂತ ಭಾಗಾಕಾರ ಮೊದಲು’ ಎಂಬ ಅರ್ಧಸತ್ಯವನ್ನು ಎಷ್ಟೋ ಮಂದಿ ವರ್ಷಗಟ್ಟಲೆ ನಂಬಿಕೊಂಡಿದ್ದರೂ ಇಂಥ ಲೆಕ್ಕಗಳಲ್ಲಿ ಅದು ಬಯಲಾಗುವುದಿಲ್ಲ. ಅದೇ ಲೆಕ್ಕ ಸಿ ಭಾಷೆಗೆ ಬಂದಾಗ ನೋಡಿ:

```c
2 * 7 / 2     // 7
2 * (7 / 2)   // 6
```

ಎರಡನೆಯ ಸಾಲಿನಲ್ಲಿ 7ನ್ನು 2ರಿಂದ ಭಾಗಿಸಿದ ಕ್ಷಣವೇ ಅರ್ಧ ಉದುರಿಹೋಯಿತು; ಆಮೇಲೆ ಎಷ್ಟು ಗುಣಿಸಿದರೂ ಅದು ವಾಪಸು ಬರುವುದಿಲ್ಲ. ಭಾಗಾಕಾರ ಯಾವ ಹೆಜ್ಜೆಯಲ್ಲಿ ನಡೆಯಿತು ಎಂಬುದೇ ಉತ್ತರವನ್ನು ನಿರ್ಧರಿಸುತ್ತದೆ. ಕ್ರಮದ ತಪ್ಪನ್ನು ಬೆಳಕಿಗೆ ತರಲು ಪ್ರಶ್ನೆ ತೆಗೆಯುವವರಿಗೆ ಇದಕ್ಕಿಂತ ಅಗ್ಗದ ಸಾಧನ ಸಿಗುವುದಿಲ್ಲ.

ಇದು ಪರೀಕ್ಷೆಗೆಂದೇ ಹೊಸೆದ ತಂತ್ರವೇನಲ್ಲ. ಬ್ರಯಾನ್ ಕರ್ನಿಘನ್ ಮತ್ತು ಡೆನಿಸ್ ರಿಚಿ ಬರೆದ ಸಿ ಭಾಷೆಯ ಮೂಲ ಪುಸ್ತಕದ 1988ರ ಎರಡನೇ ಆವೃತ್ತಿಯ ಮೊದಲ ಅಧ್ಯಾಯದಲ್ಲೇ ಫ್ಯಾರನ್‌ಹೀಟನ್ನು ಸೆಲ್ಸಿಯಸ್‌ಗೆ ಬದಲಿಸುವ ಪ್ರೋಗ್ರಾಂ ಇದೆ. ಅದರಲ್ಲಿ ಮೊದಲು 5ರಿಂದ ಗುಣಿಸಿ ಆಮೇಲೆ 9ರಿಂದ ಭಾಗಿಸುತ್ತಾರೆ, ಯಾಕೆ ಹಾಗೆ ಎಂದು ವಿವರಿಸುತ್ತಾರೆ ಕೂಡ. 98 ಡಿಗ್ರಿ ಫ್ಯಾರನ್‌ಹೀಟ್ ಎಂದುಕೊಳ್ಳಿ. 32 ಕಳೆದರೆ 66. ಐದರಿಂದ ಗುಣಿಸಿದರೆ 330. ಒಂಬತ್ತರಿಂದ ಭಾಗಿಸಿದರೆ 36. ದಶಮಾಂಶ ಹೋದರೂ ನಂಬುವಂಥ ಉತ್ತರ. ಪಠ್ಯಪುಸ್ತಕದ ಸೂತ್ರವನ್ನು ಹಾಗೇ ಇಳಿಸಿ `5 / 9 * (f - 32)` ಎಂದು ಬರೆದರೆ 5/9 ಎಂಬಲ್ಲೇ ಸೊನ್ನೆಯಾಗಿ, ಜ್ವರ ಬಂದವನಿಗೂ ಸೊನ್ನೆ ಡಿಗ್ರಿ ತೋರಿಸುತ್ತದೆ.

ಶೇಕಡಾ ಲೆಕ್ಕದಲ್ಲೂ ಇದೇ ಕಥೆ. 600ಕ್ಕೆ 540 ಅಂಕ ಪಡೆದವರಿಗೆ `marks / total * 100` ಎಂದರೆ ಶೇಕಡಾ ಸೊನ್ನೆ. ಇದನ್ನು ಗುರುತಿಸುವುದು ಸುಲಭ: ಇಡೀ ತರಗತಿಯ ಪಟ್ಟಿಯಲ್ಲಿ ಎಲ್ಲರಿಗೂ 0, ಪೂರ್ತಿ ಅಂಕ ಪಡೆದವರು ಯಾರಾದರೂ ಇದ್ದರೆ ಅವರಿಗೆ ಮಾತ್ರ 100. ಕಂಪೈಲರ್ ಸಾಮಾನ್ಯವಾಗಿ ಇದರ ಬಗ್ಗೆ ಉಸಿರೆತ್ತುವುದಿಲ್ಲ, ಅದರ ಪಾಲಿಗೆ ಇಲ್ಲಿ ತಪ್ಪೇ ನಡೆದಿಲ್ಲ. `100 * marks / total` ಎಂದು ತಿರುಗಿಸಿದರೆ 90 ಬರುತ್ತದೆ. ಈ ಪರಿಹಾರಕ್ಕೂ ಒಂದು ಮಿತಿಯಿದೆ. 32 ಬಿಟ್‌ನ ಪೂರ್ಣಾಂಕದಲ್ಲಿ ಹಿಡಿಸುವ ಅತಿ ದೊಡ್ಡ ಸಂಖ್ಯೆ 2147483647. ನೂರರಿಂದ ಗುಣಿಸುವ ಸಂಖ್ಯೆ ಸುಮಾರು ಎರಡು ಕೋಟಿ ಹದಿನೈದು ಲಕ್ಷ ದಾಟಿದರೆ ಗುಣಲಬ್ಧ ಅದರಲ್ಲಿ ಹಿಡಿಸುವುದಿಲ್ಲ. ಅಂಕಪಟ್ಟಿಗೆ ತೊಂದರೆಯಿಲ್ಲ, ರೂಪಾಯಿ ಲೆಕ್ಕದಲ್ಲಿ ಎಚ್ಚರ ಬೇಕು.

ದಶಮಾಂಶವೇ ಬೇಕಾದವರು ಮಾಡುವ ಇನ್ನೊಂದು ಎಡವಟ್ಟನ್ನೂ ಪ್ರಶ್ನೆಪತ್ರಿಕೆಗಳು ಬಿಡುವುದಿಲ್ಲ:

```c
int x = 7, y = 2;
float p = x / y;
float q = (float) x / y;
float r = (float) (x / y);
```

ಇಲ್ಲಿ q ಮಾತ್ರ 3.5. ಮಿಕ್ಕ ಎರಡೂ 3.0. p ಎಂಬುದು ದಶಮಾಂಶ ಹಿಡಿಯುವ ಜಾಗವೇನೋ ಹೌದು, ಆದರೆ ಉತ್ತರ ಅಲ್ಲಿಗೆ ಬಂದು ಸೇರುವ ಹೊತ್ತಿಗೆ ಭಾಗಾಕಾರ ಮುಗಿದು ಅರ್ಧ ಬಿದ್ದುಹೋಗಿರುತ್ತದೆ. q ಸಾಲಿನಲ್ಲಿ `(float)` ಎಂಬುದಕ್ಕೆ ಭಾಗಾಕಾರಕ್ಕಿಂತ ಹೆಚ್ಚಿನ ಆದ್ಯತೆ, ಅದು ಮೊದಲು xನ್ನು 7.0 ಮಾಡುತ್ತದೆ, ಎರಡರಲ್ಲಿ ಒಂದು ದಶಮಾಂಶವಾದರೆ ಸಾಕು, ಇಡೀ ಭಾಗಾಕಾರ ದಶಮಾಂಶದಲ್ಲಿ ನಡೆಯುತ್ತದೆ. r ಸಾಲಿನ ಆವರಣ ಆ ಅವಕಾಶವನ್ನು ಕಿತ್ತುಕೊಳ್ಳುತ್ತದೆ.

ಪ್ರಶ್ನೆ ಯಾವ ಭಾಷೆಯಲ್ಲಿದೆ ಎಂಬುದನ್ನು ನೋಡದೆ ಉತ್ತರಿಸುವುದೂ ಅಪಾಯ. ಪೈಥಾನ್ 3ರಲ್ಲಿ `7 / 2` ಎಂದರೆ 3.5; ಪೂರ್ಣಾಂಕ ಬೇಕೆಂದರೆ `7 // 2` ಎಂದು ಬರೆಯಬೇಕು. ಪೈಥಾನ್ 2ರ ಕಾಲದಲ್ಲಿ ಅದೇ `7 / 2` ಬರೀ 3 ಕೊಡುತ್ತಿತ್ತು, ಹಳೆಯ ಗೈಡುಗಳಲ್ಲಿ ಆ ಉತ್ತರ ಈಗಲೂ ಉಳಿದುಕೊಂಡಿದೆ. ಋಣಸಂಖ್ಯೆ ಬಂದರೆ ಇನ್ನೂ ಸೂಕ್ಷ್ಮ. ಸಿ ಮತ್ತು ಜಾವಾದಲ್ಲಿ `-17 / 5` ಎಂದರೆ -3, ಶೇಷ -2: ದಶಮಾಂಶವನ್ನು ಸೊನ್ನೆಯ ಕಡೆಗೆ ಕತ್ತರಿಸುತ್ತವೆ. ಪೈಥಾನ್‌ನ `-17 // 5` ಕೆಳಗಿನ ಪೂರ್ಣಾಂಕಕ್ಕೆ ಇಳಿಯುತ್ತದೆ: -4, ಶೇಷ 3. ಎರಡೂ ಸರಿಯೇ. ಭಾಗಲಬ್ಧವನ್ನು 5ರಿಂದ ಗುಣಿಸಿ ಶೇಷ ಸೇರಿಸಿ ನೋಡಿ, ಎರಡರಲ್ಲೂ -17 ಬರುತ್ತದೆ. ಶೇಷದ ಚಿಹ್ನೆಯ ಬಗ್ಗೆ ಅನುಮಾನ ಬಂದಾಗ ಈ ತಾಳೆ ಒಳ್ಳೆಯದು.

ಇನ್ನು ಕೆಲವು ಪ್ರಶ್ನೆಗಳಲ್ಲಿ ತಪ್ಪು ವಿದ್ಯಾರ್ಥಿಯದ್ದಲ್ಲ, ಪ್ರಶ್ನೆಯದ್ದೇ. `i = 5` ಎಂದು ಕೊಟ್ಟು `i++ + ++i` ಎಷ್ಟು ಎಂದು ಸಿ ಭಾಷೆಯಲ್ಲಿ ಕೇಳುವುದು ನಮ್ಮ ಗೈಡುಗಳಲ್ಲಿ ಬಿಡದ ಚಟ. ಕೆಳಗೆ 12 ಎಂದು ಸರಿಯುತ್ತರವೂ ಇರುತ್ತದೆ. ಆದರೆ ಆದ್ಯತೆಯ ನಿಯಮ ಹೇಳುವುದು ಯಾವ ಸಂಖ್ಯೆ ಯಾವ ಚಿಹ್ನೆಗೆ ಸೇರುತ್ತದೆ ಎಂಬುದನ್ನಷ್ಟೇ. ಕೂಡುವ ಚಿಹ್ನೆಯ ಎಡಭಾಗವನ್ನು ಮೊದಲು ಲೆಕ್ಕ ಹಾಕಬೇಕೋ ಬಲಭಾಗವನ್ನೋ ಎಂಬುದನ್ನು ಅದು ಹೇಳುವುದಿಲ್ಲ. ಸಿ ಭಾಷೆ ಅದನ್ನು ಕಂಪೈಲರಿಗೆ ಬಿಟ್ಟಿದೆ. ಅದರ ಮೇಲೆ ಒಂದೇ ಸಾಲಿನಲ್ಲಿ iಯನ್ನು ಹೀಗೆ ಎರಡು ಸಲ ಬದಲಿಸಿದರೆ ಏನಾಗಬೇಕೆಂದು ಭಾಷೆಯ ಮಾನಕ ನಿಗದಿ ಮಾಡಿಯೇ ಇಲ್ಲ. ಯಾರದೋ ಯಂತ್ರದಲ್ಲಿ 12 ಬಂದಿರಬಹುದು, ಅದು ಆ ಕಂಪೈಲರಿನ ಉತ್ತರ, ಸಿ ಭಾಷೆಯದ್ದಲ್ಲ. ಆಯ್ಕೆಗಳಲ್ಲಿ ‘ಫಲಿತಾಂಶ ನಿಗದಿಯಾಗಿಲ್ಲ’ ಎಂಬ ಅರ್ಥದ್ದು ಇದ್ದರೆ ಅದಕ್ಕೇ ಟಿಕ್ ಹಾಕಬೇಕು. ಅದೇ ಪ್ರಶ್ನೆಯನ್ನು ಜಾವಾದಲ್ಲಿ ಕೇಳಿದ್ದರೆ ತಕರಾರಿಲ್ಲ: ಅಲ್ಲಿ ಎಡದಿಂದಲೇ ಲೆಕ್ಕ ಹಾಕಬೇಕೆಂದು ಭಾಷೆಯೇ ಹೇಳಿದೆ, 5 ಮತ್ತು 7 ಸೇರಿ 12 ಬರುತ್ತದೆ.