ದಸರಾ ದಿನ ಜಯಲಕ್ಷ್ಮಿಪುರಂಗೆ ಬರುವ ನೆಂಟರಿಗೆ ಒಂದು ಇ-ಮೇಲ್

ದಸರಾ ರಜೆಯಲ್ಲಿ ಕರಾವಳಿಯ ಅನೇಕ ಕುಟುಂಬಗಳು ಮೈಸೂರಿನ ಬಂಧುಗಳ ಮನೆಗೆ ಹೋಗುತ್ತವೆ. ವಿಜಯದಶಮಿಯ ದಿನವೇ ಬರುವವರಿಗೆ ಮನೆಯವರು ಮೊದಲೇ ಒಂದು ಇ-ಮೇಲ್ ಕಳುಹಿಸಿದರೆ ದಾರಿಯಲ್ಲಿ ಗಂಟೆಗಟ್ಟಲೆ ಕಾಯುವುದು ತಪ್ಪುತ್ತದೆ. ಅದರಲ್ಲಿ ಏನಿರಬೇಕು ಎಂಬುದನ್ನು ಜಯಲಕ್ಷ್ಮಿಪುರಂನ ಒಂದು ಮನೆಯನ್ನು ಇಟ್ಟುಕೊಂಡು ನೋಡೋಣ.

ಜಂಬೂ ಸವಾರಿಯು ಅರಮನೆಯಿಂದ ಹೊರಟು ಕೆ.ಆರ್. ವೃತ್ತ, ಸಯ್ಯಾಜಿರಾವ್ ರಸ್ತೆಯ ಮೂಲಕ ಸುಮಾರು ಐದು ಕಿಲೋಮೀಟರ್ ಸಾಗಿ ಬನ್ನಿಮಂಟಪ ತಲುಪುತ್ತದೆ. ಈ ಗೆರೆ ನಗರವನ್ನು ಎರಡಾಗಿ ಸೀಳುತ್ತದೆ. ಜಯಲಕ್ಷ್ಮಿಪುರಂ ಮತ್ತು ರೈಲು ನಿಲ್ದಾಣ ಇರುವುದು ಪಶ್ಚಿಮಕ್ಕೆ. ಗ್ರಾಮಾಂತರ ಬಸ್ ನಿಲ್ದಾಣ ಮತ್ತು ಸಂತ ಫಿಲೋಮಿನಾ ಚರ್ಚ್ ಪೂರ್ವಕ್ಕೆ. ಆದ್ದರಿಂದ ಅತಿಥಿಗಳು ಯಾವ ಕಡೆಯಿಂದ ಬರುತ್ತಾರೆ ಎಂಬುದನ್ನು ಮೊದಲು ಕೇಳಿಕೊಳ್ಳಬೇಕು. ಎಲ್ಲರಿಗೂ ಒಂದೇ ದಾರಿ ಬರೆದರೆ ಉಪಯೋಗವಿಲ್ಲ.

ಮಂಗಳೂರಿನಿಂದ ಮಡಿಕೇರಿ, ಹುಣಸೂರು ದಾರಿಯಾಗಿ ಬರುವವರಿಗೆ ಮೆರವಣಿಗೆ ಅಡ್ಡ ಬರುವುದೇ ಇಲ್ಲ. ಬಸ್ಸಿನಲ್ಲಿ ಬರುವವರು ಮಾತ್ರ ಕೊನೆಯ ನಿಲ್ದಾಣದವರೆಗೆ ಹೋಗದೆ ಹಿನಕಲ್‌ನಲ್ಲೇ ಇಳಿದು ಆಟೋ ಹಿಡಿಯಬೇಕು. ಬೆಂಗಳೂರಿನಿಂದ ಕಾರಿನಲ್ಲಿ ಬರುವವರು ನಗರದೊಳಗೆ ನುಗ್ಗದೆ ಹೊರವರ್ತುಲ ರಸ್ತೆಗೆ ಬಲಕ್ಕೆ ತಿರುಗಿ, ಕೆ.ಆರ್.ಎಸ್. ರಸ್ತೆ ದಾಟಿ, ಹಿನಕಲ್ ಬಳಿ ಹುಣಸೂರು ರಸ್ತೆಗೆ ಸೇರಿ ಎಡಕ್ಕೆ ಬಂದರೆ ಸಾಕು. ಅಲ್ಲಿಂದಲೇ ಬರುವ ಬಸ್ ಪ್ರಯಾಣಿಕರಿಗೆ ರೈಲು ಹತ್ತಲು ಹೇಳುವುದು ಲೇಸು, ಏಕೆಂದರೆ ಬಸ್ ನಿಲ್ದಾಣ ಗೆರೆಯ ಆಚೆಗಿದೆ.

ಇ-ಮೇಲ್‌ನ ವಿಷಯದ ಸಾಲಿನಲ್ಲೇ ದಿನಾಂಕವನ್ನೂ ಎಚ್ಚರಿಕೆಯನ್ನೂ ಹಾಕಬೇಕು. ಒಳಗೆ ನಾಲ್ಕು ಸಾಲು ಸಾಕು. ಬೆಂಗಳೂರಿನಿಂದ ಕಾರಿನಲ್ಲಿ ಬರುವ ಚಿಕ್ಕಪ್ಪನಿಗೆ ಹೀಗೆ ಬರೆಯಬಹುದು:

"ಚಿಕ್ಕಪ್ಪಾ, ವಿಜಯದಶಮಿಯಂದು ಮಧ್ಯಾಹ್ನದಿಂದ ರಾತ್ರಿಯವರೆಗೆ ಸಯ್ಯಾಜಿರಾವ್ ರಸ್ತೆ ದಾಟಲಾಗದು. ನೀವು ಊರೊಳಗೆ ಬರಬೇಡಿ. ಹೊರವರ್ತುಲ ರಸ್ತೆಯಲ್ಲಿ ಹಿನಕಲ್‌ಗೆ ಬಂದು ಫೋನ್ ಮಾಡಿ, ನಾವು ಎದುರಾಗುತ್ತೇವೆ. ಫಿಲೋಮಿನಾ ಚರ್ಚ್ ನೋಡುವುದಿದ್ದರೆ ಮರುದಿನ ಹೋಗೋಣ."

ಸಮಯವನ್ನು ಮಾತ್ರ ಹಳೆಯ ಪತ್ರದಿಂದ ನಕಲು ಮಾಡಬಾರದು. ಮುಹೂರ್ತ ಪ್ರತಿವರ್ಷ ಬದಲಾಗುತ್ತದೆ. ಅಂಬಾರಿ ಬನ್ನಿಮಂಟಪ ಮುಟ್ಟಿದರೂ ಜನಸಂದಣಿ ಕರಗುವುದಿಲ್ಲ. ರಾತ್ರಿ ಅಲ್ಲೇ ಪಂಜಿನ ಕವಾಯತು ನಡೆಯುತ್ತದೆ. ನಗರ ಪೊಲೀಸರ ಸಂಚಾರ ಪ್ರಕಟಣೆಯನ್ನು ನೋಡಿ ಆ ವರ್ಷದ ವೇಳೆಯನ್ನೇ ಬರೆಯಬೇಕು.

ನಕ್ಷೆಯನ್ನು ಲಗತ್ತಿಸಿದರೂ ದಾರಿಯನ್ನು ಅಕ್ಷರದಲ್ಲಿ ಬರೆಯುವುದನ್ನು ಬಿಡಬಾರದು. ಸಂಪಾಜೆ ಘಾಟಿಯಲ್ಲಿ ಸಿಗ್ನಲ್ ಸಿಗದಾಗ ಲಗತ್ತು ತೆರೆಯದು. ಎರಡು ಮೂರು ದಿನ ಮುಂಚೆ ಕಳುಹಿಸಿ ಉತ್ತರ ಕೇಳಿ. ಉತ್ತರ ಬಾರದಿದ್ದರೆ ಓದಿಲ್ಲವೆಂದೇ ತಿಳಿದು ಫೋನ್ ಮಾಡಿ.